ಹತ್ತು ರೂಪಾಯಿ ಷೇರು ಎರಡಕ್ಕಿಳಿದಾಗ

ಕೇಳುಗರಿಗೆ ನಮಸ್ಕಾರ. ನಷ್ಟದಲ್ಲಿರೋ ಕಂಪನಿಯಿಂದ ಒಂದಿನ ಪತ್ರ ಬರತ್ತೆ, ನಿಮ್ಮ 10 ರೂಪಾಯಿ ಮುಖಬೆಲೆಯ ಷೇರನ್ನ 2 ರೂಪಾಯಿ ಮಾಡ್ತೀವಿ, ಒಪ್ಪಿಗೆ ಕೊಡಿ ಅಂತ. ಓದಿದ ತಕ್ಷಣ ದುಡ್ಡು ಹೋಯ್ತು ಅಂತ ಎದೆ ಧಸಕ್ ಅನ್ನತ್ತೆ. ಆದ್ರೆ ಆ ದುಡ್ಡು ಯಾವತ್ತೋ ಹೋಗಿರತ್ತೆ, ಲೆಕ್ಕದ ಪುಸ್ತಕ ಈಗ ಅದನ್ನ ಒಪ್ಕೊಳ್ತಾ ಇದೆ ಅಷ್ಟೇ.

ಸಾಗರದ ಕಡೆ ಅಡಿಕೆ ಹಾಳೆ ತಟ್ಟೆ ಮಾಡೋ ಒಂದು ಕಂಪನಿ ಇದೆ ಅಂತ ಇಟ್ಕೊಳ್ಳಿ. 10 ರೂಪಾಯಿದು 10 ಲಕ್ಷ ಷೇರು, ಅಂದ್ರೆ ಬಂಡವಾಳ 1 ಕೋಟಿ. ಬ್ಯಾಂಕ್ ಸಾಲ 40 ಲಕ್ಷ, ಹಾಳೆ ಕೊಟ್ಟೋರಿಗೆ ಕೊಡಬೇಕಾದ್ದು 20 ಲಕ್ಷ. ಇನ್ನೊಂದು ಕಡೆ ಕಟ್ಟಡ ಮಷೀನು 70, ಸ್ಟಾಕು 15, ಬರಬೇಕಾದ ಬಾಕಿ 10, ಗುಡ್‌ವಿಲ್ ಅಂದ್ರೆ ಹೆಸರಿಗೆ ಕಟ್ಟಿದ ಬೆಲೆ 5 ಲಕ್ಷ, ಉಳಿದ 60 ಲಕ್ಷ ವರ್ಷವರ್ಷ ಸೇರಿಕೊಂಡು ಬಂದ ನಷ್ಟ. ಈಗಿನ ನಮೂನೆಲಿ ನಷ್ಟನ ಬಂಡವಾಳದ ಕಡೆ ಕಳೆದು ತೋರಿಸ್ತಾರೆ, ಲೆಕ್ಕ ಸುಲಭ ಆಗ್ಲಿ ಅಂತ ನಾವು ಹಳೇ ಪದ್ಧತಿ ಹಾಗೆ ಆಸ್ತಿ ಕಡೆಗೇ ಬರೆದ್ರೆ ಎರಡೂ ಕಡೆ 1 ಕೋಟಿ 60 ಲಕ್ಷ ಸರಿಹೊಂದತ್ತೆ.

ಈಗ ಗೋಡೌನ್‌ಗೆ ಹೋಗಿ ನಿಜ ನೋಡೋಣ. ಮಳೆಗಾಲದಲ್ಲಿ ಬೂಷ್ಟು ಹಿಡಿದ ತಟ್ಟೆಗೆ ಬೆಲೆ ಇಲ್ಲ, ಸ್ಟಾಕಲ್ಲಿ 5 ಲಕ್ಷ ಕಡಿಮೆ ಮಾಡಬೇಕು. ಮಷೀನಲ್ಲಿ 10 ಲಕ್ಷ, ಗುಡ್‌ವಿಲ್ ಪೂರ್ತಿ 5 ಲಕ್ಷ, ಹಳೇ ನಷ್ಟ 60, ಒಟ್ಟು 80 ಲಕ್ಷ ಆಯ್ತು. ಪ್ರತಿ ಷೇರಿಂದ 8 ರೂಪಾಯಿ ಇಳಿಸಿದ್ರೆ ಸಿಗೋದೂ 80 ಲಕ್ಷನೇ. ಅದನ್ನ ಬಂಡವಾಳ ಕಡಿತದ ಖಾತೆಗೆ ಜಮಾ ಮಾಡಿ, ಅದೇ ಖಾತೆಯಿಂದ ಈ ನಾಲ್ಕನ್ನೂ ಒರೆಸಿ ಹಾಕ್ತಾರೆ. ಕೊನೆಗೆ ಬಂಡವಾಳ 20, ಸಾಲ 40, ಹಾಳೆಯೋರ ಬಾಕಿ 20 ಲಕ್ಷ. ಆಸ್ತಿನೂ ಅಷ್ಟೇ, 80 ಲಕ್ಷ. ಒರೆಸಿದ ಮೇಲೂ ಏನಾದ್ರೂ ಮಿಕ್ಕಿದ್ರೆ ಅದು ಕ್ಯಾಪಿಟಲ್ ರಿಸರ್ವ್ ಅನ್ನೋ ಮೀಸಲು ಖಾತೆಗೆ ಹೋಗತ್ತೆ, ಡಿವಿಡೆಂಡ್ ಆಗಿ ಹಂಚೋ ಹಾಗಿಲ್ಲ.

ನಿಮ್ಮ ಹತ್ರ 100 ಷೇರಿದ್ರೆ ಈಗ್ಲೂ 100 ಷೇರೇ, ಕಂಪನಿಲಿ ನಿಮ್ಮ ಪಾಲೂ ಅಷ್ಟೇ. ಆದ್ರೆ ದೊಡ್ಡ ವ್ಯತ್ಯಾಸ ಒಂದಿದೆ. ಹಳೇ ನಷ್ಟ ಸರಿತೂಗಿಸದೆ ಡಿವಿಡೆಂಡ್ ಕೊಡೋ ಹಾಗಿಲ್ಲ ಅಂತ ಕಾನೂನಿದೆ, ವರ್ಷಕ್ಕೆ 6 ಲಕ್ಷ ಲಾಭ ಬಂದ್ರೂ 60 ಲಕ್ಷ ತುಂಬೋಕೆ 10 ವರ್ಷ ಬೇಕು. ಕಡಿತ ಆದ್ಮೇಲೆ ಬರೋ ಮೊದಲ ಲಾಭದಿಂದ್ಲೇ ಕೊಡಬಹುದು, ಹೊಸಬರೂ ಧೈರ್ಯವಾಗಿ ಬಂಡವಾಳ ಹಾಕ್ತಾರೆ.

ಇದಕ್ಕೆ ಕಂಪನಿ ಕಾಯ್ದೆ 2013ರ 66ನೇ ಸೆಕ್ಷನ್ ಇದೆ. ಮುಕ್ಕಾಲು ಪಾಲು ಮತದ ವಿಶೇಷ ನಿರ್ಣಯ ಆಗಬೇಕು, ಆಮೇಲೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ ಒಪ್ಪಬೇಕು. ಸಾಲ ಕೊಟ್ಟೋರಿಗೆ ನೋಟಿಸ್ ಹೋಗತ್ತೆ, ತಕರಾರು ಹೇಳೋಕೆ 3 ತಿಂಗಳು ಸಮಯ. ಸಾರ್ವಜನಿಕರ ಠೇವಣಿ ವಾಪಸ್ ಕೊಡದೆ ಬಾಕಿ ಇಟ್ಕೊಂಡ ಕಂಪನಿ ಇದನ್ನ ಮಾಡೋ ಹಾಗೇ ಇಲ್ಲ, ಅದು ಸರಿಯಾದ ನಿಯಮ ಅಂತ ನನ್ನ ಅಭಿಪ್ರಾಯ.

ಆದ್ರೆ ಈ ಎಲ್ಲ ಎಂಟ್ರಿಗಳಿಂದ ಕಂಪನಿ ಗಲ್ಲಾಪೆಟ್ಟಿಗೆಗೆ ಒಂದು ರೂಪಾಯೂ ಬರಲ್ಲ. ಹಾಗಾಗಿ ಮತ ಹಾಕೋ ಮುಂಚೆ ಲಾಭ ನಷ್ಟದ ಪಟ್ಟಿ ತೆಗೆದು ಮಷೀನಿನ ಸವಕಳಿ ಕಳೆಯೋಕೆ ಮುಂಚಿನ ಅಂಕಿ ನೋಡಿ. ಅಲ್ಲಿ ಲಾಭ ಇದ್ರೆ ಹಳೇ ಹೊರೆ ಇಳಿಸಿದ್ಮೇಲೆ ಕಂಪನಿ ನಡೆಯಬಹುದು. ಅಲ್ಲೂ ನಷ್ಟನೇ ಇದ್ರೆ, ವ್ಯಾಪಾರ ನಡೆಸೋಕೇ ಕೈಯಿಂದ ದುಡ್ಡು ಹೋಗ್ತಿದೆ ಅಂತ ಅರ್ಥ, ಆಗ ಆ 2 ರೂಪಾಯೂ ಉಳಿಯಲ್ಲ.