ಎರಡೂ ಕಡೆ ಬಿಗಿಯಾಗಿರೋ ಪೈಪಿನ ನಡುವೆ ಟೀ ಕೂರಿಸೋದು ಹೇಗೆ?

[ದೃಶ್ಯ: ಯುಟಿಲಿಟಿ ಗೋಡೆಯ ಮೇಲೆ ನೇರವಾಗಿ ಇಳಿದಿರುವ ಒಂದಿಂಚಿನ ಬಿಳಿ ಪೈಪು. ಮೇಲೆ ತಾರಸಿಯ ಟ್ಯಾಂಕು, ಕೆಳಗೆ ಪೈಪು ಗೋಡೆಯೊಳಗೆ ಹೋಗುವ ಜಾಗ.]

ಓವರ್‌ಹೆಡ್ ಟ್ಯಾಂಕಿನಿಂದ ಇಳಿದು ಬರೋ ಒಂದಿಂಚಿನ ಯುಪಿವಿಸಿ ಲೈನು ಇದು. ಮೇಲೆ ಗೇಟ್ ವಾಲ್ವಿಗೆ ಅಂಟಿದೆ, ಕೆಳಗೆ ಗೋಡೆಯೊಳಗೆ ಸಿಮೆಂಟಿನಲ್ಲಿ ಕೂತಿದೆ. ಇದರ ಮಧ್ಯದಿಂದ ವಾಷಿಂಗ್ ಮಷೀನಿಗೆ ಹೊಸ ನಲ್ಲಿ ಕೊಡಬೇಕು. ಪೈಪು ಕೊಯ್ದು ಮೂರು ಬಾಯಿಯ ಒಂದು ಟೀ ಹಾಕಿದರೆ ಆಯಿತು ಅನ್ನಿಸುತ್ತೆ. ಆದರೆ ಪೈಪು ಕೊಯ್ದ ಮೇಲೆ ಟೀ ಒಳಗೆ ಹೋಗೋದೇ ಇಲ್ಲ. ಯಾಕೆ ಹೋಗಲ್ಲ, ಹಾಗಾದರೆ ಏನು ಮಾಡಬೇಕು ಅನ್ನೋದೇ ಇವತ್ತಿನ ವಿಷಯ.

[ದೃಶ್ಯ: ಮೇಜಿನ ಮೇಲೆ ಟೀ. ಸಾಕೆಟ್ಟಿನೊಳಗೆ ಸ್ಕೇಲ್ ಇಳಿಸಿ ಆಳ ತೋರಿಸುವುದು.]

ಈ ಟೀಯ ಸಾಕೆಟ್ ಆಳ 28 ಮಿಲಿಮೀಟರ್. ಅಂದರೆ ಪೈಪು ಅದರೊಳಗೆ ಉದ್ದಕ್ಕೆ 28 ಮಿಲಿಮೀಟರ್ ಹೋಗಬೇಕು. ಕೆಳಗಿನ ಪೈಪಿಗೆ ಟೀಯನ್ನು ಮೇಲಿನಿಂದ ಇಳಿಸಬಹುದು, ತೊಂದರೆಯಿಲ್ಲ. ಆಮೇಲೆ ಮೇಲಿನ ಪೈಪು ಟೀಯೊಳಗೆ ಬರಬೇಕಲ್ಲ? ಅದು 28 ಮಿಲಿಮೀಟರ್ ಮೇಲೆದ್ದು ಮತ್ತೆ ಇಳಿದರೆ ಮಾತ್ರ ಸಾಧ್ಯ. ಮೇಲ್ತುದಿ ವಾಲ್ವಿಗೆ ಅಂಟಿರುವಾಗ ಅದು ಏಳೋದು ಹೇಗೆ? ಎರಡು ಪೈಪು ಸೇರಿಸೋ ಕಪ್ಲರ್ ಕಥೆಯೂ ಇದೇ. ಪೈಪು ಎಲ್ಲೋ ಬಿರುಕು ಬಿಟ್ಟಿದೆ, ಆ ತುಂಡು ತೆಗೆದು ಎರಡು ಕಪ್ಲರ್ ನಡುವೆ ಹೊಸ ತುಂಡು ಹಾಕ್ತೀವಿ ಅಂದರೂ ಪೈಪು ಉದ್ದಕ್ಕೆ ಸರಿಯಲೇಬೇಕು.

ಕಪ್ಲರಿನ ನಡುವಿನ ತಡೆಯನ್ನು ಅರದಿಂದ ಉಜ್ಜಿ, ಪೂರ್ತಿ ಪೈಪಿನ ಮೇಲೆ ಸರಿಸಿ, ಆಮೇಲೆ ವಾಪಸ್ ಎಳೆಯೋಣ ಅಂತ ಕೆಲವರು ನೋಡ್ತಾರೆ. ಸಾಲ್ವೆಂಟ್ ಹಾಕಿ ಅಂಟಿಸೋ ಸಾಕೆಟ್ಟು ಬಾಯಲ್ಲಿ ಸ್ವಲ್ಪ ಅಗಲ, ಒಳಗೆ ಹೋದಂತೆ ಕಿರಿದು. ತಡೆ ತೆಗೆದರೂ ಪೈಪು ಅರ್ಧದಲ್ಲೇ ಹಿಡಿದುಕೊಳ್ಳುತ್ತೆ. ಬಲವಂತವಾಗಿ ಸರಿಯೋ ಹಾಗೆ ಉಜ್ಜಿದರೆ ಆ ಹಿಡಿತವೇ ಹೋಗಿ ಜಾಯಿಂಟ್ ಸೋರುತ್ತೆ. ಆ ದಾರಿ ಬೇಡ.

[ದೃಶ್ಯ: ಯೂನಿಯನ್ ಬಿಚ್ಚಿ ಎರಡು ಭಾಗ, ನಟ್, ಓ-ರಿಂಗ್ ಬೇರೆ ಬೇರೆ ಇಡುವುದು. ಎರಡು ಭಾಗಗಳನ್ನು ಪಕ್ಕಕ್ಕೆ ಜಾರಿಸಿ ತೋರಿಸುವುದು.]

ಈಗ ಯೂನಿಯನ್ ನೋಡಿ. ಇದರ ಎರಡು ಭಾಗಗಳು ಮುಖಕ್ಕೆ ಮುಖ ಕೊಟ್ಟು ನಿಲ್ಲುತ್ತವೆ, ನಡುವೆ ಓ-ರಿಂಗ್, ಹೊರಗಿನಿಂದ ನಟ್ ಎರಡನ್ನೂ ಬಿಗಿಯುತ್ತೆ. ನಟ್ ಬಿಚ್ಚಿದರೆ ಒಂದು ಭಾಗ ಪಕ್ಕಕ್ಕೆ ಜಾರಿ ಹೊರಗೆ ಬರುತ್ತೆ. ಉದ್ದಕ್ಕೆ ಸರಿಯೋ ಅಗತ್ಯವೇ ಇಲ್ಲ. ಯೂನಿಯನ್ ಬಳಸೋ ಮುಖ್ಯ ಕಾರಣ ಇದು. ಮುಂದೆ ಬಿಚ್ಚೋಕೆ ಅನುಕೂಲ ಅನ್ನೋದು ಎರಡನೆಯದು. ಅಂಗಡಿಯಲ್ಲಿ ಬಿಚ್ಚಿಸಿ ನೋಡಿ ತನ್ನಿ. ಮುಖ ಚಪ್ಪಟೆಯಾಗಿರಬೇಕು. ಒಂದು ಭಾಗ ಇನ್ನೊಂದರೊಳಗೆ ಕೆಲವು ಮಿಲಿಮೀಟರ್ ತೂರಿ ಕೂರೋ ಮಾದರಿಯಾದರೆ ಅದು ಪಕ್ಕಕ್ಕೆ ಜಾರಲ್ಲ, ನಮ್ಮ ಕೆಲಸಕ್ಕೆ ಬರಲ್ಲ.

ಎಷ್ಟು ಯೂನಿಯನ್ ಬೇಕು ಅನ್ನೋದನ್ನು ಕೊಯ್ಯೋ ಮೊದಲೇ ತಿಳಿಯಬಹುದು. ಕ್ಲ್ಯಾಂಪುಗಳನ್ನು ಬಿಚ್ಚಿ ಪೈಪನ್ನು ಗೋಡೆಯಿಂದ ಮೆಲ್ಲಗೆ ಎಳೆದು ನೋಡಿ. ಕೊಯ್ದ ಮೇಲೆ ಒಂದು ಕಡೆಯ ಪೈಪು ನಾಲ್ಕೈದು ಸೆಂಟಿಮೀಟರ್ ಪಕ್ಕಕ್ಕೆ ಬಾಗೋ ಹಾಗಿದ್ದರೆ ಒಂದು ಯೂನಿಯನ್ ಸಾಕು: ಅಲ್ಲಾಡದ ಕಡೆಗೆ ಟೀ ಅಂಟಿಸಿ, ಬಾಗೋ ಕಡೆಗೆ ಯೂನಿಯನ್ ಕೊಡೋದು. ತಾರಸಿಯ ಮೇಲೆ ಉದ್ದಕ್ಕೆ ಹೋದ ಲೈನಿನಲ್ಲಿ ಪೈಪು ಬೇಕಾದಷ್ಟು ಬಿಲ್ಲಿನ ಹಾಗೆ ಬಾಗುತ್ತೆ, ಅಲ್ಲಿ ಬರೀ ಟೀ ಸಾಕಾಗಬಹುದು. ನಮ್ಮ ಲೈನು ಎರಡೂ ಕಡೆ ಅಲ್ಲಾಡಲ್ಲ. ಹಾಗಾಗಿ ಎರಡು ಯೂನಿಯನ್, ನಡುವೆ ಟೀ.

[ದೃಶ್ಯ: ಪೈಪಿನ ಸುತ್ತ ಕಾಗದದ ಪಟ್ಟಿ ಸುತ್ತಿ, ಬಿಚ್ಚಿ, ಅಳತೆಪಟ್ಟಿಯ ಮೇಲೆ ಇಡುವುದು.]

ಸಾಮಾನು ತರೋ ಮೊದಲು ಪೈಪಿನ ಜಾತಿ ಗೊತ್ತು ಮಾಡಿಕೊಳ್ಳಿ. ಎಲ್ಲವನ್ನೂ ಒಂದಿಂಚು ಅಂತಲೇ ಕರೀತಾರೆ, ಆದರೆ ಒಂದರ ಫಿಟ್ಟಿಂಗ್ ಇನ್ನೊಂದಕ್ಕೆ ಕೂರಲ್ಲ. ಒಂದು ಕಾಗದದ ಪಟ್ಟಿಯನ್ನು ಪೈಪಿಗೆ ಸುತ್ತಿ ಸುತ್ತಳತೆ ತಗೊಳ್ಳಿ. 105 ಮಿಲಿಮೀಟರ್ ಬಂದರೆ ಒಂದಿಂಚಿನ ಯುಪಿವಿಸಿ. 90 ಬಂದರೆ ಒಂದಿಂಚಿನ ಸಿಪಿವಿಸಿ. ನೂರರ ಹತ್ತಿರ ಬಂದರೆ ಅದು ತೋಟಕ್ಕೆ ಹಾಕೋ 32 ಮಿಲಿಮೀಟರ್ ಪಿವಿಸಿ ಪೈಪು. 105ಕ್ಕೂ 100ಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣಲ್ಲ. ಅದಕ್ಕೇ 32ರ ಪೈಪನ್ನು ಯುಪಿವಿಸಿ ಟೀಯೊಳಗೆ ಸಾಲ್ವೆಂಟ್ ಮೆತ್ತಿ ತುರುಕಿಬಿಡ್ತಾರೆ. ಅದು ಸ್ವಲ್ಪ ದಿನ ನಿಲ್ಲುತ್ತೆ, ಆಮೇಲೆ ಕಳಚಿಕೊಳ್ಳುತ್ತೆ. ಸಾಲ್ವೆಂಟ್ ಕೂಡ ಪೈಪಿನ ಜಾತಿಗೆ ತಕ್ಕದ್ದೇ ಇರಬೇಕು.

[ದೃಶ್ಯ: ಒಂದಿಂಚಿಗೆ ಮುಕ್ಕಾಲಿಂಚಿನ ರೆಡ್ಯೂಸರ್ ಟೀ. ಪಕ್ಕದಲ್ಲಿ ಸಮ ಟೀ ಮತ್ತು ರೆಡ್ಯೂಸರ್ ಬುಷ್.]

ಇಲ್ಲಿ ರೆಡ್ಯೂಸರ್ ವಿಷಯ. ನಲ್ಲಿ ಅರ್ಧ ಇಂಚಿನದು, ಲೈನು ಒಂದಿಂಚು. ಎಲ್ಲಿ ಕಿರಿದು ಮಾಡಬೇಕು? ಮೇನ್ ಲೈನಿನಲ್ಲಿ ಅಲ್ಲ, ಅದು ಒಂದಿಂಚಾಗೇ ಉಳಿಯಬೇಕು. ಅಲ್ಲಿ ಮುಕ್ಕಾಲಿಂಚಿಗೆ ಇಳಿಸಿದರೆ ಕೆಳಗಿನ ಎಲ್ಲ ನಲ್ಲಿಗಳೂ ಆ ಪೈಪಿನಿಂದಲೇ ನೀರು ಎಳೀಬೇಕಾಗುತ್ತೆ. ಟೀಯ ಪಕ್ಕದ ಬಾಯಿ ಮುಕ್ಕಾಲಿಂಚು ಇರಲಿ. ಅಂಥ ರೆಡ್ಯೂಸರ್ ಟೀ ಸಿಗದಿದ್ದರೆ ಸಮ ಟೀ ತಂದು ಪಕ್ಕದ ಬಾಯಿಗೆ ರೆಡ್ಯೂಸರ್ ಬುಷ್ ಅಂಟಿಸಿ, ಕೆಲಸ ಒಂದೇ. ಅಲ್ಲಿಂದ ನಲ್ಲಿಯವರೆಗೂ ಮುಕ್ಕಾಲಿಂಚಿನ ಪೈಪು ಎಳೆದು, ಕೊನೆಯ ಎಲ್ಬೋದಲ್ಲಿ ಮಾತ್ರ ಅರ್ಧ ಇಂಚಿಗೆ ಇಳಿಸಿ.

ಟೀ ಹತ್ತಿರವೇ ಅರ್ಧ ಇಂಚು ಮಾಡಿಬಿಟ್ಟರೆ ಏನಾಗುತ್ತೆ? ನಮ್ಮ ನಲ್ಲಿ ಟ್ಯಾಂಕಿನ ನೀರಿನ ಮಟ್ಟಕ್ಕಿಂತ 4 ಮೀಟರ್ ಕೆಳಗಿದೆ. ಹತ್ತು ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಒಂದು ಕೆಜಿ ಒತ್ತಡ, ಹಾಗಾಗಿ ನಮಗಿರೋದು 0.4 ಕೆಜಿ ಅಷ್ಟೇ. ಅಷ್ಟೇ ನೀರು ಹರಿಸೋಕೆ ಮುಕ್ಕಾಲಿಂಚಿಗಿಂತ ಅರ್ಧ ಇಂಚಿನ ಪೈಪಿನಲ್ಲಿ ನಾಲ್ಕು ಪಟ್ಟಿಗೂ ಹೆಚ್ಚು ಒತ್ತಡ ಕಳೆದುಹೋಗುತ್ತೆ. ಒತ್ತಡ ಮೊದಲೇ ಕಡಿಮೆ ಇರೋ ಕಡೆ ಐದಾರು ಮೀಟರ್ ಅರ್ಧ ಇಂಚಿನ ಪೈಪು ಎಳೆದರೆ, ಮಷೀನು ನೀರು ತುಂಬಿಸಿಕೊಳ್ಳೋಕೆ ಆಗದೆ ಎರರ್ ತೋರಿಸಿ ನಿಲ್ಲಬಹುದು. ನಲ್ಲಿಯ ಬಾಯಲ್ಲಿರೋ ಒಂದೆರಡು ಇಂಚು ಕಿರಿದಾದ ಭಾಗದಿಂದ ಅಂಥ ನಷ್ಟ ಇಲ್ಲ. ಉದ್ದವೇ ಇಲ್ಲಿ ಕೆಡಿಸೋದು.

[ದೃಶ್ಯ: ಮೇಜಿನ ಮೇಲೆ ಯೂನಿಯನ್, ಪೈಪಿನ ತುಂಡು, ಟೀ, ಪೈಪಿನ ತುಂಡು, ಯೂನಿಯನ್ ಸಾಲಾಗಿ. ಒಂದೊಂದೇ ಅಂಟಿಸುವುದು.]

ಇನ್ನು ಅಳತೆ. ಮೊದಲು ನಡುವಿನ ಇಡೀ ಜೋಡಣೆಯನ್ನು ಮೇಜಿನ ಮೇಲೆ ಮಾಡಿ ಮುಗಿಸಿ, ಆಮೇಲೆ ಗೋಡೆಯ ಪೈಪು ಮುಟ್ಟಿ. ಟೀಯ ಎರಡೂ ಕಡೆ ಒಂದೊಂದು ಪೈಪಿನ ತುಂಡು. ಎರಡೂ ಕಡೆ ಸಾಕೆಟ್ಟಿನೊಳಗೆ ಹೋಗೋದು 28, 28. ಹೊರಗೆ ಕಾಣೋದು 20. ಒಟ್ಟು 76 ಮಿಲಿಮೀಟರ್ ತುಂಡು, ಅಂಥವು ಎರಡು.

ಅಂಟಿಸೋ ಮೊದಲು ಒಣಗಿದ ಹಾಗೇ ತೂರಿಸಿ ನೋಡಿ. ಕೈಯಿಂದ ಒತ್ತಿದಾಗ ಪೈಪು ಸಾಕೆಟ್ಟಿನ ಆಳದ ಮೂರನೇ ಒಂದರಿಂದ ಮೂರನೇ ಎರಡು ಭಾಗದವರೆಗೆ ಹೋಗಿ ನಿಲ್ಲಬೇಕು. ಸಲೀಸಾಗಿ ತಳ ಮುಟ್ಟಿ ಅಲ್ಲಾಡಿದರೆ ಆ ಜೋಡಿ ಬೇಡ. ಪೈಪಿನ ತುದಿ ನೇರವಾಗಿ ಕೊಯ್ದಿರಬೇಕು, ಒಳಗಿನ ಹೊರಗಿನ ಸಿವುರು ಅರದಿಂದ ತೆಗೆದಿರಬೇಕು. ತುದಿಯಿಂದ 28 ಮಿಲಿಮೀಟರಿಗೆ ಪೆನ್ನಿನಿಂದ ಗೆರೆ ಎಳೆಯಿರಿ. ಸಾಲ್ವೆಂಟ್ ಪೈಪಿಗೆ ಪೂರ್ತಿಯಾಗಿ, ಸಾಕೆಟ್ಟಿಗೆ ತೆಳುವಾಗಿ. ಸಾಕೆಟ್ಟಿಗೆ ಜಾಸ್ತಿ ಹಾಕಿದರೆ ಅದು ಒಳಗೆ ಉಂಡೆಯಾಗಿ ನೀರಿನ ದಾರಿಯನ್ನೇ ಅರ್ಧ ಮುಚ್ಚುತ್ತೆ, ಹೊರಗಿನಿಂದ ಕಾಣೋದೂ ಇಲ್ಲ. ಗೆರೆಯವರೆಗೆ ತಳ್ಳಿ, ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಕೈ ಬಿಟ್ಟರೆ ಪೈಪು ತಾನಾಗೇ ಹಿಂದಕ್ಕೆ ಬರುತ್ತೆ, ಯಾಕಂದರೆ ಸಾಕೆಟ್ಟು ಒಳಗೆ ಕಿರಿದು.

[ದೃಶ್ಯ: ಎರಡೂ ಯೂನಿಯನ್ ಬಿಗಿದ ಪೂರ್ತಿ ಜೋಡಣೆ. ತುದಿಯಿಂದ ತುದಿಗೆ ಅಳತೆ.]

ಓ-ರಿಂಗ್ ಹಾಕಿ ಎರಡೂ ಯೂನಿಯನ್‌ಗಳನ್ನು ಬಿಗಿದು ತುದಿಯಿಂದ ತುದಿಗೆ ಅಳೆಯಿರಿ. ನಮ್ಮದು 272 ಮಿಲಿಮೀಟರ್. ಮೇಲೊಂದು ಕೆಳಗೊಂದು ಸಾಕೆಟ್ಟಿನ ಆಳ 28, 28 ಕಳೆಯಿರಿ: 216. ಗೋಡೆಯ ಪೈಪಿನಿಂದ ತೆಗೆಯಬೇಕಾದ ತುಂಡು ಸರಿಯಾಗಿ ಇಷ್ಟೇ. ನಿಮ್ಮ ಫಿಟ್ಟಿಂಗಿನ ಅಂಕಿ ಬೇರೆ ಇರುತ್ತೆ, ಲೆಕ್ಕ ಇದೇ. ಒಣ ಜೋಡಣೆಯನ್ನು ಅಳೆದರೆ ಪೈಪುಗಳು ತಳ ಮುಟ್ಟಿರಲ್ಲ, ಅಳತೆ ಜಾಸ್ತಿ ಬಂದು ನೀವು ಹೆಚ್ಚು ಕೊಯ್ದುಬಿಡ್ತೀರಿ. ಆಗ ಉಳಿಯೋ ಸಂದನ್ನು ನಟ್ ಎಳೆದು ಮುಚ್ಚುತ್ತೆ ಅಂತ ನಂಬಬೇಡಿ. ಎಳೆತದಲ್ಲಿ ನಿಂತ ಯೂನಿಯನ್ ಇವತ್ತಲ್ಲ ನಾಳೆ ಸೋರುತ್ತೆ, ಇಲ್ಲ ನಟ್ ಸೀಳುತ್ತೆ.

ಕೊಯ್ಯೋ ಮೊದಲು ಗೇಟ್ ವಾಲ್ವ್ ಮುಚ್ಚಿ, ಕೆಳಗಿನ ನಲ್ಲಿ ತೆಗೆದು ಲೈನು ಖಾಲಿ ಮಾಡಿ. ಹಳೇ ಗೇಟ್ ವಾಲ್ವ್ ಪೂರ್ತಿ ಮುಚ್ಚದೆ ಹನಿ ಬಿಡ್ತಾ ಇದ್ದರೆ ಟ್ಯಾಂಕಿನ ನೀರನ್ನೇ ಔಟ್‌ಲೆಟ್ಟಿನ ಕೆಳಗಿನ ಮಟ್ಟಕ್ಕೆ ಇಳಿಸಿ. ಒದ್ದೆ ಪೈಪಿನ ಮೇಲೆ ಸಾಲ್ವೆಂಟ್ ಸರಿಯಾಗಿ ಹಿಡಿಯಲ್ಲ.

[ದೃಶ್ಯ: 216 ಮಿಲಿಮೀಟರ್ ಗುರುತು, ಎರಡು ಕೊಯ್ತ. ಪೈಪಿಗೆ ಮೊದಲು ನಟ್ ತೂರಿಸುವುದು, ಆಮೇಲೆ ಯೂನಿಯನ್ ಭಾಗ.]

ಕೊಯ್ದಾಯಿತು. ಜೋಡಣೆಯ ಎರಡೂ ತುದಿಯ ಯೂನಿಯನ್ ಭಾಗಗಳನ್ನು ಬಿಚ್ಚಿ. ನಟ್ ಇರೋ ಭಾಗ ಗೋಡೆಯ ಪೈಪಿಗೆ ಬರೋದಾದರೆ ಮೊದಲು ನಟ್ಟನ್ನು ಪೈಪಿನ ಮೇಲೆ ಸರಿಸಿ, ಆಮೇಲೆ ಭಾಗ ಅಂಟಿಸಿ. ಇದು ಮರೆತರೆ ಆ ಭಾಗ ಕೊಯ್ದು ಬಿಸಾಡೋದು ಬಿಟ್ಟು ದಾರಿಯಿಲ್ಲ, ಅಳತೆಯೂ ಕೆಡುತ್ತೆ. ಅಂಟಿಸುವಾಗ ಓ-ರಿಂಗ್ ತೆಗೆದಿಡಿ. ಮುಖಕ್ಕಾಗಲಿ, ಥ್ರೆಡ್ಡಿಗಾಗಲಿ ಸಾಲ್ವೆಂಟ್ ಹನಿಯೂ ತಾಗಬಾರದು.

ಅದು ಹಿಡಿದ ಮೇಲೆ ಓ-ರಿಂಗ್‌ಗಳನ್ನು ಅವುಗಳ ಕಾಲುವೆಯಲ್ಲಿ ಕೂರಿಸಿ, ನಡುವಿನ ಜೋಡಣೆಯನ್ನು ಪಕ್ಕದಿಂದ ಜಾರಿಸಿ. ಟೀಯ ಬಾಯಿ ಯಾವ ಕಡೆ ಬೇಕೋ ಆ ಕಡೆಗೆ ಈಗಲೂ ತಿರುಗಿಸಬಹುದು, ಎರಡು ಯೂನಿಯನ್ ಕೊಡೋ ಲಾಭ ಇದು. ಎರಡೂ ನಟ್ಟನ್ನು ಕೈಯಿಂದ ಬಿಗಿದು, ಸ್ಪ್ಯಾನರಿನಲ್ಲಿ ಸ್ವಲ್ಪ ಮಾತ್ರ ಕೊಡಿ. ಟೆಫ್ಲಾನ್ ಟೇಪು ಬೇಡ. ನೀರು ತಡೆಯೋದು ಓ-ರಿಂಗ್, ಥ್ರೆಡ್ ಅಲ್ಲ. ಟೇಪು ಬೇಕಾಗಿರೋದು ನಲ್ಲಿ ಕೂರೋ ಎಲ್ಬೋದಲ್ಲಿ. ಆ ಎಲ್ಬೋ ಹಿತ್ತಾಳೆ ಥ್ರೆಡ್ಡಿನದೇ ಆಗಿರಲಿ. ಲೋಹದ ನಲ್ಲಿಯನ್ನು ಬರೀ ಪ್ಲಾಸ್ಟಿಕ್ ಥ್ರೆಡ್ಡಿಗೆ ಬಿಗಿದರೆ ಎಲ್ಬೋ ಸೀಳುತ್ತೆ.

ಟೀ ಆದ ಕೂಡಲೇ ಹೊಸ ಕವಲಿಗೆ ಒಂದು ಬಾಲ್ ವಾಲ್ವ್, ಅದರ ಪಕ್ಕದಲ್ಲೇ ಒಂದು ಕ್ಲ್ಯಾಂಪು ಹಾಕಿ, ಕವಲಿನ ಭಾರ ಟೀ ಮೇಲೆ ಬೀಳಬಾರದು. ಯೂನಿಯನ್ ಮೇಲೆ ಎಂದೂ ಪ್ಲಾಸ್ಟರ್ ಹಾಕಿಸಬೇಡಿ.

[ದೃಶ್ಯ: ಹಳೇ ಜಿಐ ಪೈಪು, ಎರಡೂ ತುದಿಯಲ್ಲಿ ಥ್ರೆಡ್.]

ಮನೆ ಹಳೇದು, ಲೈನು ಜಿಐ ಅಂದರೂ ತರ್ಕ ಇದೇ, ಸರಿಯೋ ಬದಲು ತಿರುಗೋದು. ಎರಡೂ ಕಡೆ ಬಿಗಿದ ಪೈಪನ್ನು ಒಂದು ಕಡೆ ಬಿಗಿಯೋಕೆ ತಿರುಗಿಸಿದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತೆ. ಅಲ್ಲೂ ಕೊನೆಯ ಜಾಯಿಂಟು ಯೂನಿಯನ್ನೇ ಆಗಬೇಕು.

[ದೃಶ್ಯ: ವಾಲ್ವ್ ನಿಧಾನವಾಗಿ ತೆರೆಯುವುದು. ಜಾಯಿಂಟಿಗೆ ಒಣ ಟಿಶ್ಯೂ ಸುತ್ತುವುದು.]

ಸಾಲ್ವೆಂಟ್ ಡಬ್ಬಿಯ ಮೇಲೆ ಎಷ್ಟು ಹೊತ್ತು ಬರೆದಿದೆಯೋ ಅಷ್ಟು ಬಿಡಿ. ಸಾಧ್ಯವಾದರೆ ಒಂದು ರಾತ್ರಿ ಬಿಡೋದು ಒಳ್ಳೇದು. ಆಮೇಲೆ ಕೆಳಗಿನ ನಲ್ಲಿ ತೆರೆದಿಟ್ಟು, ಗೇಟ್ ವಾಲ್ವನ್ನು ನಿಧಾನವಾಗಿ ತೆಗೆಯಿರಿ, ಗಾಳಿ ಹೋಗಲಿ. ನಲ್ಲಿ ಮುಚ್ಚಿ ಪ್ರತಿ ಜಾಯಿಂಟಿಗೂ ಒಣ ಟಿಶ್ಯೂ ಸುತ್ತಿ ಅರ್ಧ ಗಂಟೆ ಬಿಡಿ. ನಟ್ ಹತ್ತಿರ ಒದ್ದೆಯಾದರೆ ಬಿಚ್ಚಿ ಓ-ರಿಂಗ್ ನೋಡಿ, ಸಾಮಾನ್ಯವಾಗಿ ಅದು ಕಾಲುವೆ ಬಿಟ್ಟು ಸರಿದಿರುತ್ತೆ ಅಥವಾ ಮರಳಿನ ಕಣ ಸಿಕ್ಕಿರುತ್ತೆ. ಅಂಟಿಸಿದ ಸಾಕೆಟ್ಟಿನ ಬಾಯಲ್ಲಿ ಒದ್ದೆಯಾದರೆ ಮೇಲಿನಿಂದ ಸಾಲ್ವೆಂಟ್ ಮೆತ್ತಿ ಪ್ರಯೋಜನವಿಲ್ಲ. ನಡುವಿನ ಜೋಡಣೆಯಲ್ಲಿ ಸೋರಿದ್ದರೆ ಎರಡು ನಟ್ ಬಿಚ್ಚಿ, ಅದನ್ನು ಹೊರಗೆ ತೆಗೆದು, ಅದೇ 272ರ ಅಳತೆಗೆ ಮೇಜಿನ ಮೇಲೆ ಹೊಸದು ಮಾಡಿ ಕೂರಿಸಿ. ಗೋಡೆಯ ಪೈಪನ್ನು ಮತ್ತೆ ಕೊಯ್ಯಬೇಕಾಗಿಲ್ಲ.