ಒಂಬತ್ತನೆಯ ಕುರ್ಚಿ ಯಾರ ಹೊಣೆ?

ನಮಸ್ಕಾರ. ಬದಿಯಡ್ಕದ ಕಡೆ ಮನೆಮನೆಗೆ ಇಂಟರ್ನೆಟ್ ಕೊಡುವ ಸಣ್ಣ ಸಂಸ್ಥೆಯೊಂದರ ಮಾಲೀಕರು, ಕಸ್ಟಮರ್ ಸಪೋರ್ಟ್ ಟೀಮ್ ಲೀಡ್ ಹುದ್ದೆಗೆಂದು ತಾವು ಬರೆದಿದ್ದ ಕೆಲಸದ ವಿವರವನ್ನು ಈಚೆಗೆ ನನಗೆ ತೋರಿಸಿದರು. ತಂಡವನ್ನು ಹುರಿದುಂಬಿಸಬೇಕು, ಗ್ರಾಹಕರಿಗೆ ತೃಪ್ತಿಯಾಗಬೇಕು ಎಂಬ ಮಾತುಗಳ ನಡುವೆ ಅಳತೆಗೆ ಸಿಗುವ ವಾಕ್ಯ ಒಂದೇ ಇತ್ತು: ಬರುವ ಕರೆಗಳಲ್ಲಿ ಶೇಕಡಾ 80ನ್ನು 20 ಸೆಕೆಂಡಿನೊಳಗೆ ಎತ್ತುವಂತೆ ಲೀಡ್ ನೋಡಿಕೊಳ್ಳಬೇಕು. ಕಾಲ್ ಸೆಂಟರ್‌ಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಗುರಿ ಇದು. ಹಾರಿಕೆಯ ಮಾತುಗಳನ್ನು ಹೊಡೆದುಹಾಕುವುದು ಸುಲಭ. ನನ್ನ ತಕರಾರು ಇದ್ದದ್ದು ಈ ಒಂದು ವಾಕ್ಯದ ಮೇಲೆಯೇ.

ಅವರ ರಿಜಿಸ್ಟರನ್ನೇ ತೆರೆದು ಲೆಕ್ಕ ಹಾಕಿದೆವು. ಸಂಜೆಯ ಹೊತ್ತು ಅರ್ಧ ಗಂಟೆಗೆ ಸುಮಾರು 30 ಕರೆಗಳು ಬರುತ್ತವೆ, ಒಂದೊಂದಕ್ಕೂ 6 ನಿಮಿಷ ಹಿಡಿಯುತ್ತದೆ. ಅಂದರೆ 30 ನಿಮಿಷದಲ್ಲಿ 180 ನಿಮಿಷದ ಕೆಲಸ. ಉಸಿರಾಡಲೂ ಬಿಡುವಿಲ್ಲದೆ 6 ಜನ ದುಡಿಯಬೇಕು. ಆದರೆ ಕರೆಗಳು ಸಾಲಾಗಿ ಒಂದರ ಹಿಂದೆ ಒಂದು ಬರುವುದಿಲ್ಲ, ಗುಂಪಾಗಿ ಬಂದು ಬೀಳುತ್ತವೆ. ಆದ್ದರಿಂದ 6 ಜನರಿದ್ದರೆ ಕಾಯುವವರ ಸಾಲು ಬೆಳೆಯುತ್ತಲೇ ಹೋಗುತ್ತದೆ. ಡೆನ್ಮಾರ್ಕಿನ ಗಣಿತಜ್ಞ ಎರ್ಲಾಂಗ್ ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಗಾಗಿ 1917ರಲ್ಲಿ ಪ್ರಕಟಿಸಿದ ಸೂತ್ರದಲ್ಲಿ ಈ ಅಂಕಿಗಳನ್ನು ಹಾಕಿದರೆ, 8 ಜನರಿದ್ದಾಗ 20 ಸೆಕೆಂಡಿನೊಳಗೆ ಉತ್ತರ ಸಿಗುವುದು ನೂರಕ್ಕೆ ಸುಮಾರು 68 ಕರೆಗಳಿಗೆ. 9 ಜನರಾದರೆ ಅದು 83ರ ಆಸುಪಾಸಿಗೆ ಏರುತ್ತದೆ. ಅವರ ಸಂಜೆ ಶಿಫ್ಟಿನಲ್ಲಿ ಇದ್ದದ್ದು 8 ಕುರ್ಚಿ. ಒಂಬತ್ತನೆಯವರನ್ನು ನೇಮಿಸುವ ಅಧಿಕಾರ ಲೀಡ್‌ಗೆ ಇಲ್ಲ, ಗುರಿ ಮಾತ್ರ ಅವರ ತಲೆಯ ಮೇಲೆ. ಹಿಂದಿದ್ದ ಲೀಡ್ ಆರೇ ತಿಂಗಳಿಗೆ ಬಿಟ್ಟುಹೋದದ್ದೇಕೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಹಾಗಾದರೆ ಆ ವಾಕ್ಯದ ಜಾಗದಲ್ಲಿ ಏನು ಬರೆಯಬೇಕು? ಲೀಡ್‌ನ ಕೈಯಲ್ಲಿರುವುದು ರೋಸ್ಟರ್. ಮುಂದಿನ ವಾರದ ರೋಸ್ಟರನ್ನು ಪ್ರತಿ ಗುರುವಾರ ಸಂಜೆಯೊಳಗೆ ಹಾಕಬೇಕು. ರೋಸ್ಟರಿನಲ್ಲಿ ಹೆಸರಿರುವವರು ಆ ಸಮಯದ ಶೇಕಡಾ 90ರಷ್ಟಾದರೂ ಕರೆಗೆ ಸಿದ್ಧರಾಗಿ ಲಾಗಿನ್ ಆಗಿರಬೇಕು. ಚಹಾ ಬಿಡುವು ಒಂದೇ ಹೊತ್ತಿಗೆ ಇಬ್ಬರಿಗಿಂತ ಹೆಚ್ಚು ಜನರಿಗೆ ಬೀಳಬಾರದು. ಜನ ಸಾಲದೆ ಹೋದರೆ ಅದನ್ನು ಅಂಕಿಗಳೊಡನೆ ಬರೆದು ಮಾಲೀಕರಿಗೆ ಕೊಡುವುದು ಲೀಡ್‌ನ ಕೆಲಸ, ಜನ ಕೊಡುವುದು ಮಾಲೀಕರ ಕೆಲಸ ಎಂಬ ವಾಕ್ಯವನ್ನೂ ಅದೇ ಕಾಗದದಲ್ಲಿ ಸೇರಿಸಿದೆವು. ಮಾಲೀಕರು ಸ್ವಲ್ಪ ಹೊತ್ತು ಪೆನ್ನು ತಿರುಗಿಸುತ್ತ ಕುಳಿತಿದ್ದರು, ಆಮೇಲೆ ಒಪ್ಪಿದರು.

ಗುಣಮಟ್ಟದ ವಿಷಯದಲ್ಲಿಯೂ ಇದೇ ತೊಡಕಿದೆ. ಪರಿಹಾರವಾಯಿತೆಂದು ಮುಚ್ಚಿದ ಟಿಕೆಟ್, ಅಂದರೆ ದಾಖಲಾದ ದೂರಿನ ಬಗ್ಗೆ ಅದೇ ಗ್ರಾಹಕರು 7 ದಿನದೊಳಗೆ ಮತ್ತೆ ಕರೆ ಮಾಡುವುದು ಒಳ್ಳೆಯ ಅಳತೆ, ಏಕೆಂದರೆ ಕರೆಯನ್ನು ಬೇಗ ಮುಗಿಸುವ ಆತುರದಲ್ಲಿ ತೇಪೆ ಹಾಕಿದ್ದೆಲ್ಲ ಅಲ್ಲಿ ಬಯಲಾಗುತ್ತದೆ. ಆದರೆ ಜೂನ್ ಮಳೆಗೆ ಅಡಿಕೆ ಮರ ಮುರಿದು ಕೇಬಲ್ ಮೇಲೆ ಬಿದ್ದಾಗ, ಲೈನ್‌ಮ್ಯಾನ್ ಹೋಗಿ ಜೋಡಿಸುವವರೆಗೆ ಸಪೋರ್ಟಿನವರು ಏನೇ ಹೇಳಿದರೂ ಗ್ರಾಹಕರು ಮತ್ತೆ ಕರೆಯುತ್ತಾರೆ. ಆದ್ದರಿಂದ ಫೋನಿನಲ್ಲಿಯೇ ಪರಿಹರಿಸಿ ಮುಚ್ಚಿದ ಟಿಕೆಟ್‌ಗಳನ್ನು ಮಾತ್ರ ಎಣಿಸಬೇಕೆಂದು ಬರೆದೆವು. ಹಿಂದಿನ 3 ತಿಂಗಳಲ್ಲಿ ಅಂಥವು ನೂರರಲ್ಲಿ 18 ಮರಳಿ ಬಂದಿದ್ದವು. 6 ತಿಂಗಳಲ್ಲಿ ಅದನ್ನು 12ಕ್ಕೆ ಇಳಿಸುವುದು ಗುರಿ. ಈಗ ಎಷ್ಟಿದೆ ಎಂದು ತಿಳಿಯದೆ ಗುರಿಯ ಅಂಕಿ ಬರೆಯುವುದನ್ನು ನಾನು ಒಪ್ಪುವುದಿಲ್ಲ.

ಇಳಿಸುವ ದಾರಿಯನ್ನೂ ಬರೆಯಬೇಕು. ಪ್ರತಿಯೊಬ್ಬರ 4 ಕರೆಗಳನ್ನು ತಿಂಗಳಿಗೊಮ್ಮೆ ಕೇಳಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತನಾಡಬೇಕು. ಒಂದಕ್ಕೆ 25 ನಿಮಿಷವೆಂದರೂ 8 ಜನರ 32 ಕರೆಗಳಿಗೆ 13 ಗಂಟೆ ದಾಟುತ್ತದೆ. ಮೊದಲಿನ ಕಾಗದದ ಕೊನೆಯಲ್ಲಿ, ಲೀಡ್ ಕೂಡ ಶಿಫ್ಟ್ ಪೂರ್ತಿ ಕರೆ ತೆಗೆದುಕೊಳ್ಳಬೇಕು ಎಂದಿತ್ತು. ಆ 13 ಗಂಟೆ ಎಲ್ಲಿಂದ ಬರಬೇಕು? ಕರೆಯ ಪಾಲನ್ನು ಅರ್ಧ ಶಿಫ್ಟಿಗೆ ಇಳಿಸಿದ ಮೇಲೆಯೇ ಉಳಿದ ವಾಕ್ಯಗಳಿಗೆ ಅರ್ಥ ಬಂತು.

ಇನ್ನು ಭಾಷೆ. "ಮೂರು ಭಾಷೆ ಬಲ್ಲವರು" ಎಂದಿತ್ತು. ನಮ್ಮ ಕಾಸರಗೋಡಿನ ಈ ಭಾಗದಲ್ಲಿ ತುಳು, ಕನ್ನಡ, ಮಲಯಾಳ ಮೂರನ್ನೂ ಮಾತನಾಡುವವರು ಬೇಕಾದಷ್ಟು ಸಿಗುತ್ತಾರೆ, ಆದರೆ ಮಲಯಾಳದಲ್ಲಿ ಬಂದ ದೂರಿನ ಪತ್ರವನ್ನು ಓದಿ ಅದೇ ಲಿಪಿಯಲ್ಲಿ ಉತ್ತರ ಬರೆಯಬಲ್ಲವರು ಅಷ್ಟಿಲ್ಲ. ಯಾವ ಭಾಷೆಯಲ್ಲಿ ಮಾತು ಸಾಕು, ಯಾವುದರಲ್ಲಿ ಬರಹವೂ ಬೇಕು ಎಂದು ಬಿಡಿಸಿ ಬರೆದೆವು. ಸಂದರ್ಶನಕ್ಕೆ ಬರುವವರ ಮುಂದೆ ಇಡಲೆಂದು ಅಂಥ ಹಳೆಯ ದೂರೊಂದನ್ನು, ಹೆಸರು ಅಳಿಸಿ, ಮೇಜಿನ ಮೇಲೆ ತೆಗೆದಿರಿಸಿದ್ದಾರೆ.