ಸಂಜೆಯ ಎರಡು ಗಂಟೆ ನಿದ್ದೆ, ರಾತ್ರಿ ಬಾರದ ನಿದ್ದೆ

ಪೋಷಕರಿಗೆ, ಉಪನ್ಯಾಸಕರಿಗೆ, ಮುಖ್ಯವಾಗಿ ಹಿಂದಿನ ಸಾಲಿನಲ್ಲಿ ಈಗಾಗಲೇ ಆಕಳಿಸುತ್ತಿರುವ ವಿದ್ಯಾರ್ಥಿಗಳಿಗೆ ನಮಸ್ಕಾರ.

ದ್ವಿತೀಯ ಪಿಯುಸಿ ವಿಜ್ಞಾನ ಓದುವ ಒಬ್ಬ ಹುಡುಗಿಯ ದಿನಚರಿಯನ್ನು ಕಲ್ಪಿಸಿಕೊಳ್ಳೋಣ. ಬೆಳಿಗ್ಗೆ 5ಕ್ಕೆ ಏಳುತ್ತಾಳೆ. 6ರಿಂದ 8ರವರೆಗೆ ಟ್ಯೂಷನ್, 9ರಿಂದ 4ರವರೆಗೆ ಕಾಲೇಜು. ಬಸ್ಸು ಹಿಡಿದು ಮನೆ ಸೇರುವಾಗ 5 ಗಂಟೆ. ತಿಂಡಿ ತಿಂದು 5:30ಕ್ಕೆ ಮಲಗಿದರೆ ಎದ್ದೇಳುವುದು 7:30ಕ್ಕೆ. ಆಮೇಲೆ ಊಟ, ಓದು. ಹಾಸಿಗೆಗೆ 11 ಗಂಟೆಗೆ ಹೋದರೂ ಕಣ್ಣು ಮುಚ್ಚುವುದು 12:30ಕ್ಕೆ. ರಾತ್ರಿಯದು ನಾಲ್ಕೂವರೆ ಗಂಟೆ, ಸಂಜೆಯದು ಎರಡು ಗಂಟೆ, ಒಟ್ಟು ಆರೂವರೆ ಗಂಟೆ ನಿದ್ದೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಎಂದು ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದೆ. ಈ ಹುಡುಗಿಗೆ ಏನು ಹೇಳುವುದು? ಮಧ್ಯಾಹ್ನ ಒಂದು ಜೊಂಪು ತೆಗೆ ಎನ್ನುವುದೋ, ರಾತ್ರಿ ಬೇಗ ಮಲಗು ಎನ್ನುವುದೋ?

ಎರಡೂ ಒಂದೇ ಕೆಲಸ ಮಾಡುತ್ತವೆ ಎಂದುಕೊಂಡಿರುವುದರಿಂದಲೇ ಗೊಂದಲ ಹುಟ್ಟುತ್ತದೆ. ನಿದ್ದೆಯನ್ನು ಎರಡು ಸಂಗತಿಗಳು ನಡೆಸುತ್ತವೆ ಎಂದು ಸ್ವಿಟ್ಜರ್ಲೆಂಡಿನ ಅಲೆಕ್ಸಾಂಡರ್ ಬೊರ್ಬೆಲಿ 1982ರಲ್ಲಿ ವಿವರಿಸಿದರು. ಇಂದಿಗೂ ನಿದ್ರಾವಿಜ್ಞಾನ ನಿಂತಿರುವುದು ಆ ತಳಹದಿಯ ಮೇಲೆ. ಮೊದಲನೆಯದು ನಿದ್ದೆಯ ಒತ್ತಡ. ಎಚ್ಚರವಾಗಿರುವಷ್ಟು ಹೊತ್ತೂ ಅದು ಏರುತ್ತದೆ, ನಿದ್ದೆ ಮಾಡಿದಾಗ ಇಳಿಯುತ್ತದೆ. ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಶೇಖರವಾಗುವುದು ಇದಕ್ಕೆ ಒಂದು ಮುಖ್ಯ ಕಾರಣ. ಎರಡನೆಯದು ದೇಹದ ಒಳಗಡಿಯಾರ. ನೀವು ಎಷ್ಟು ದಣಿದಿದ್ದೀರಿ ಎಂದು ಅದು ಕೇಳುವುದಿಲ್ಲ, ತನ್ನ ಹೊತ್ತಿಗೆ ತಾನು ಎಚ್ಚರ ಕೊಡುತ್ತದೆ, ತನ್ನ ಹೊತ್ತಿಗೆ ಮಂಪರು ತರುತ್ತದೆ. ಮಧ್ಯಾಹ್ನ ಒಂದರಿಂದ ನಾಲ್ಕರ ನಡುವೆ ಅದು ಎಚ್ಚರವನ್ನು ಸ್ವಲ್ಪ ಸಡಿಲಿಸುತ್ತದೆ. ಊಟದ ನಂತರದ ತೂಕಡಿಕೆಗೆ ನಾವು ಅನ್ನವನ್ನೇ ದೂರುತ್ತೇವೆ, ಆದರೆ ಊಟ ಬಿಟ್ಟವರಿಗೂ ಆ ಹೊತ್ತಿನಲ್ಲಿ ಮಂಪರು ಬರುತ್ತದೆ.

ಈಗ ಆ ಹುಡುಗಿಯ ಸಂಜೆಗೆ ಬನ್ನಿ. ಸಂಜೆ ಆರಕ್ಕೆ ತಟ್ಟೆ ತುಂಬ ಬಜ್ಜಿ ತಿಂದವರಿಗೆ ರಾತ್ರಿ ಊಟ ಸೇರುವುದಿಲ್ಲ. 5:30ರಿಂದ 7:30ರ ನಿದ್ದೆ ರಾತ್ರಿಯ ನಿದ್ದೆಗೆ ಮಾಡುವುದೂ ಅದನ್ನೇ. ಎರಡು ಗಂಟೆಯಲ್ಲಿ ಆಕೆ ಗಾಢನಿದ್ದೆಗೂ ಇಳಿದು ಬಂದಿರುತ್ತಾಳೆ. ಇಡೀ ದಿನ ಏರಿದ್ದ ಒತ್ತಡದ ದೊಡ್ಡ ಪಾಲು ಅಲ್ಲೇ ಕರಗಿಹೋಗಿರುತ್ತದೆ. ರಾತ್ರಿ 11ಕ್ಕೆ ಹಾಸಿಗೆಗೆ ಹೋದಾಗ ಎದ್ದು ಮೂರೂವರೆ ಗಂಟೆಯಷ್ಟೇ ಆಗಿರುತ್ತದೆ. ನಿದ್ದೆ ಬಾರದಿದ್ದರೆ ಅದು ಆಕೆಯ ಮನಸ್ಸಿನ ದೌರ್ಬಲ್ಯವಲ್ಲ, ಮೊಬೈಲಿನದೊಂದೇ ತಪ್ಪೂ ಅಲ್ಲ.

ಹಾಗಾದರೆ ನಾಳೆಯಿಂದ 9:30ಕ್ಕೇ ಮಲಗು ಎಂದು ಅಪ್ಪ ಅಪ್ಪಣೆ ಕೊಡುತ್ತಾರೆ. ಅದೂ ಕೈಗೂಡುವುದಿಲ್ಲ, ಕಾರಣ ಎರಡನೆಯ ಸಂಗತಿ. ರೂಢಿಯ ನಿದ್ದೆಗೆ ಎರಡು ಮೂರು ಗಂಟೆ ಮೊದಲು ಒಳಗಡಿಯಾರ ದಿನದಲ್ಲೇ ಅತಿ ಹೆಚ್ಚು ಎಚ್ಚರ ಕೊಡುತ್ತದೆ. ಇಸ್ರೇಲಿನ ಪೆರೆಟ್ಸ್ ಲಾವಿ ಇದನ್ನು ನಿದ್ದೆಯ ನಿಷಿದ್ಧ ವಲಯ ಎಂದೇ ಕರೆದರು. 12:30ಕ್ಕೆ ಮಲಗಿ ರೂಢಿಯಾದವಳಿಗೆ 9:30ರಿಂದ ಆ ಹೊತ್ತು. ಸಾಲದ್ದಕ್ಕೆ ಹದಿಹರೆಯದಲ್ಲಿ ಗಡಿಯಾರವೇ ತಡವಾಗಿ ಓಡತೊಡಗುತ್ತದೆ. ಅಮೆರಿಕದ ನಿದ್ರಾವಿಜ್ಞಾನಿ ಮೇರಿ ಕಾರ್ಸ್ಕಡನ್ ಅವರ ದಶಕಗಳ ಸಂಶೋಧನೆ ತೋರಿಸಿಕೊಟ್ಟದ್ದು ಇದನ್ನೇ. ಆದ್ದರಿಂದ ಬೇಗ ಮಲಗಿಸಿದ ಮಗು ಕತ್ತಲಲ್ಲಿ ಫ್ಯಾನು ನೋಡುತ್ತ ಮಲಗಿರುತ್ತದೆ. ಮೂರು ರಾತ್ರಿ ಹಾಗಾದರೆ ಹಾಸಿಗೆ ಎಂದರೇ ಬೇಸರ ಬರುತ್ತದೆ, ಬೇಗ ಮಲಗುವ ಯೋಜನೆ ಅಲ್ಲಿಗೆ ಮುಗಿಯುತ್ತದೆ.

ಒಟ್ಟು ಗಂಟೆ ಅಷ್ಟೇ ಇರುವಾಗ ನಿದ್ದೆಯನ್ನು ಎರಡು ತುಂಡು ಮಾಡಿದರೇನು ಎಂದು ನೀವು ಕೇಳಬಹುದು. ಸಿಂಗಪುರದ ಡ್ಯೂಕ್-ಎನ್‌ಯುಎಸ್ ವೈದ್ಯಕೀಯ ಕಾಲೇಜಿನ ತಂಡ ಇದನ್ನು ಹದಿಹರೆಯದ ವಿದ್ಯಾರ್ಥಿಗಳಲ್ಲೇ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿತು. ಒಂದು ಗುಂಪಿಗೆ ರಾತ್ರಿ ಒಂದೇ ಸಮನೆ ಆರೂವರೆ ಗಂಟೆ, ಇನ್ನೊಂದಕ್ಕೆ ರಾತ್ರಿ ಐದು ಗಂಟೆ, ಮಧ್ಯಾಹ್ನ ಒಂದೂವರೆ ಗಂಟೆ. ಮಧ್ಯಾಹ್ನದ ನಿದ್ದೆಯ ನಂತರ ಗಮನ, ಚುರುಕು ಎರಡನೆಯ ಗುಂಪಿನಲ್ಲೇ ಚೆನ್ನಾಗಿತ್ತು. ಆದರೆ ಗ್ಲೂಕೋಸ್ ಕುಡಿಸಿ ನೋಡಿದಾಗ ರಕ್ತದ ಸಕ್ಕರೆ ಹೆಚ್ಚು ಏರಿದ್ದೂ ಅದೇ ಗುಂಪಿನಲ್ಲಿ. ಇನ್ನೊಂದು ಮಾತು ಮರೆಯಬಾರದು. ಅಲ್ಲಿ ನಿದ್ದೆಯ ಹೊತ್ತು ಮಧ್ಯಾಹ್ನ ಎರಡು ಗಂಟೆ. ನಮ್ಮ ಮಕ್ಕಳಿಗೆ ಎರಡು ಗಂಟೆಗೆ ಭೌತಶಾಸ್ತ್ರದ ತರಗತಿ ಇರುತ್ತದೆ.

ನನ್ನ ಅಭಿಪ್ರಾಯ ಇಷ್ಟು: ಕಿರುನಿದ್ದೆ ಆ ಹೊತ್ತನ್ನು ದಾಟಿಸುತ್ತದೆ, ಕೊರತೆಯನ್ನು ತುಂಬುವುದು ರಾತ್ರಿಯ ನಿದ್ದೆ. ಮೊದಲು ಸಂಜೆಯ ನಿದ್ದೆಯನ್ನು ಕತ್ತರಿಸಬೇಕು, ಆಮೇಲೆ ಮಲಗುವ ಹೊತ್ತನ್ನು ಹಿಂದಕ್ಕೆ ತರಬೇಕು. ಈ ಅನುಕ್ರಮ ತಪ್ಪಿದರೆ ಎರಡೂ ಕೆಡುತ್ತವೆ.

ಕಿರುನಿದ್ದೆಯ ಅಳತೆ ಎಷ್ಟು? 2006ರಲ್ಲಿ ಆಸ್ಟ್ರೇಲಿಯಾದ ಬ್ರೂಕ್ಸ್ ಮತ್ತು ಲ್ಯಾಕ್, ಹಿಂದಿನ ರಾತ್ರಿ ಸುಮಾರು ಐದು ಗಂಟೆ ಮಾತ್ರ ಮಲಗಿದವರಿಗೆ ಮಧ್ಯಾಹ್ನ 5, 10, 20, 30 ನಿಮಿಷದ ನಿದ್ದೆ ಕೊಟ್ಟು ನೋಡಿದರು. ಐದು ನಿಮಿಷದಿಂದ ಹೆಚ್ಚೇನೂ ಆಗಲಿಲ್ಲ. ಹತ್ತು ನಿಮಿಷದವರು ಎದ್ದ ಕೂಡಲೇ ಚುರುಕಾಗಿದ್ದರು, ಆ ಚುರುಕು ಎರಡು ಗಂಟೆಗೂ ಮಿಕ್ಕಿ ಉಳಿಯಿತು. ಮೂವತ್ತು ನಿಮಿಷದವರು ಎದ್ದಾಗ ಮೊದಲಿಗಿಂತ ಮಂಕಾಗಿದ್ದರು. ಗಾಢನಿದ್ದೆಯಿಂದ ಎಬ್ಬಿಸಿದಾಗ ಬರುವ ಜಡತೆ ಅದು. ವಿದ್ಯಾರ್ಥಿಗೆ ಹತ್ತರಿಂದ ಇಪ್ಪತ್ತು ನಿಮಿಷ ಸಾಕು. ನಿದ್ದೆ ಹತ್ತಲು ಐದು ನಿಮಿಷ ಸೇರಿಸಿ ಅಲಾರಂ 25 ನಿಮಿಷಕ್ಕಿರಲಿ.

ಅದಕ್ಕೆ ಒಳ್ಳೆಯ ಜಾಗ ಕಾಲೇಜಿನ ಊಟದ ಬಿಡುವು. ಡಬ್ಬಿ ಮುಗಿಸಿ, ಬೆಂಚಿನ ಮೇಲೆ ಕೈ ಮಡಚಿ ತಲೆಯಿಟ್ಟರೆ ಹದಿನೈದು ನಿಮಿಷ ಸಿಗುತ್ತದೆ. ನಿದ್ದೆ ಪೂರ್ತಿ ಹತ್ತದಿದ್ದರೂ ಚಿಂತೆಯಿಲ್ಲ. ಉಪನ್ಯಾಸಕರು ಇದನ್ನು ಅಶಿಸ್ತು ಎಂದು ನೋಡದಿದ್ದರೆ ಮಧ್ಯಾಹ್ನದ ಮೊದಲ ತರಗತಿಯಲ್ಲಿ ಅವರಿಗೇ ಲಾಭ. ಬಿಡುವಿನಲ್ಲಿ ಆಗದಿದ್ದರೆ ಮನೆಗೆ ಹೋಗುವ ಬಸ್ಸಿನಲ್ಲಿ, ಅದೂ ಸೀಟು ಸಿಕ್ಕಿದ ದಿನ. ಮನೆಗೆ ಬಂದ ಮೇಲೆಯೇ ಬೇಕೆಂದರೆ 5:30ರೊಳಗೆ ಮುಗಿಯಬೇಕು. ಹಾಸಿಗೆಯ ಮೇಲೆ ಬೇಡ, ಕುರ್ಚಿಯಲ್ಲಿ ಒರಗಿ, ಕಿಟಕಿ ತೆರೆದೇ ಇರಲಿ. ಅಲಾರಂ ಎದ್ದು ಹೋಗಿ ಆರಿಸುವಷ್ಟು ದೂರದಲ್ಲಿರಲಿ. ಎದ್ದ ಕೂಡಲೇ ಮುಖ ತೊಳೆದು ಹತ್ತು ನಿಮಿಷ ಹೊರಗಿನ ಬೆಳಕಿನಲ್ಲಿ ನಿಲ್ಲಬೇಕು. ಯೋಜನೆ ಸಾಮಾನ್ಯವಾಗಿ ಕೆಡುವುದು ಅಲಾರಂ ಹೊಡೆದ ಮೇಲೆ. ಅಮ್ಮ ಬಂದು ನೋಡಿ, ‘ಪಾಪ, ಮಲಗಲಿ ಬಿಡು’ ಎಂದು ಫೋನನ್ನು ಆರಿಸಿ ಹೋಗುತ್ತಾರೆ. ಆ ಕರುಣೆಗೆ ರಾತ್ರಿ ಒಂದೂವರೆ ಗಂಟೆ ಬೆಲೆ ತೆರಬೇಕಾಗುತ್ತದೆ. ಕಾಫಿಯ ಲೆಕ್ಕವೂ ಹಾಗೆಯೇ. ಕೆಫೀನಿನ ಅರ್ಧ ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ ಆರರ ಲೋಟದ ಅರ್ಧ 11ಕ್ಕೂ ಒಳಗಿರುತ್ತದೆ. ಕುಡಿಯುವುದಿದ್ದರೆ ಮಧ್ಯಾಹ್ನದೊಳಗೆ ಮುಗಿಸಬೇಕು.

ಸಂಜೆಯ ಎರಡು ಗಂಟೆ ಹೋಗಿ ಹದಿನೈದು ನಿಮಿಷವಾದಾಗ ಮೊದಲ ಎರಡು ಮೂರು ಸಂಜೆ ಕಷ್ಟ. ಏಳರಿಂದ ಎಂಟರವರೆಗೆ ಪುಸ್ತಕದ ಮೇಲೆ ತಲೆ ಬೀಳುತ್ತದೆ. ಆ ಹೊತ್ತಿಗೆ ಕೂತು ಓದುವ ಕೆಲಸ ಬೇಡ. ನಿಂತು ಚಿತ್ರ ಬರೆಯುವುದು, ಪ್ರಾಯೋಗಿಕ ದಾಖಲೆ ಪುಸ್ತಕ ತುಂಬುವುದು, ತಮ್ಮನಿಗೆ ಪಾಠ ಹೇಳುವುದು ಇರಲಿ. ಎಂಟು ದಾಟಿದರೆ ಗಡಿಯಾರವೇ ಎಚ್ಚರ ಕೊಡತೊಡಗುತ್ತದೆ. ಕಠಿಣವಾದ ಲೆಕ್ಕಗಳನ್ನು ಆಗ ಮಾಡಬಹುದು. ಒತ್ತಡ ಉಳಿದಿರುವುದರಿಂದ 12:30ರ ನಿದ್ದೆ ಕೆಲವೇ ದಿನದಲ್ಲಿ ತಾನಾಗಿ 11:30ರ ಹತ್ತಿರ ಬರುತ್ತದೆ.

ಇಲ್ಲಿಂದ ಎರಡನೆಯ ಹಂತ. ಮೂರು ದಿನಕ್ಕೊಮ್ಮೆ ಹದಿನೈದು ನಿಮಿಷ ಹಿಂದಕ್ಕೆ: 11:15, 11:00, 10:45, ಹೀಗೆ 10 ಗಂಟೆಯವರೆಗೆ. ಆರು ಮೆಟ್ಟಿಲು, ಹದಿನೆಂಟು ದಿನ. ಒಂದು ಮೆಟ್ಟಿಲಲ್ಲಿ ನಿದ್ದೆ ಹತ್ತಲು ಅರ್ಧ ಗಂಟೆಗಿಂತ ಹೆಚ್ಚು ಹಿಡಿದರೆ ಅಲ್ಲೇ ಇನ್ನೂ ಮೂರು ದಿನ ನಿಲ್ಲಬೇಕು. ಏಳುವ ಹೊತ್ತು ಮಾತ್ರ ಕದಲಬಾರದು. ಭಾನುವಾರ 5ರ ಬದಲು 6:30 ಆಗಬಹುದು. 10ರವರೆಗೆ ಮಲಗಿದರೆ ಗಡಿಯಾರ ಮತ್ತೆ ತಡವಾಗುತ್ತದೆ, ಸೋಮವಾರ ರಾತ್ರಿ ಮತ್ತೆ ಫ್ಯಾನು ನೋಡುವ ಕೆಲಸ.

ಗಡಿಯಾರವನ್ನು ಹಿಂದಕ್ಕೆ ಎಳೆಯುವ ಬಲವಾದ ಕೈ ಬೆಳಗಿನ ಬೆಳಕು. ಆದರೆ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದೇ 6:40ರ ಹೊತ್ತಿಗೆ. 6ಕ್ಕೆ ಟ್ಯೂಷನ್ನಿಗೆ ಹೋಗುವವಳಿಗೆ ದಾರಿಯಲ್ಲಿ ಕತ್ತಲು. ಹಾಗಾಗಿ 8ಕ್ಕೆ ಹೊರಬಂದ ಮೇಲೆ ಕಾಲೇಜಿಗೆ ಹದಿನೈದು ಇಪ್ಪತ್ತು ನಿಮಿಷ ಬಿಸಿಲಿನಲ್ಲಿ ನಡೆದುಹೋಗುವುದು ಒಳ್ಳೆಯದು. ರಾತ್ರಿ ಇದರ ತಿರುಗುಮುರುಗು. ಮಲಗುವ ಒಂದು ಗಂಟೆ ಮೊದಲು ಟ್ಯೂಬ್‌ಲೈಟ್ ಆರಿಸಿ ಸಣ್ಣ ದೀಪ ಹಾಕಿ, ಫೋನನ್ನು ಇನ್ನೊಂದು ಕೋಣೆಯಲ್ಲಿಡಿ.

ಲೆಕ್ಕ ಹಾಕಿದರೆ 10ರಿಂದ 5 ಏಳು ಗಂಟೆ, ಮಧ್ಯಾಹ್ನದ ಹದಿನೈದು ನಿಮಿಷ ಸೇರಿ ಏಳೂಕಾಲು. ಆರೂವರೆಗಿಂತ ಮೇಲು, ಎಂಟಕ್ಕೆ ಕಡಿಮೆ. ಇದರಾಚೆಗೆ ವಿದ್ಯಾರ್ಥಿಯ ಶಿಸ್ತಿನಿಂದ ಸಿಗುವುದೇನೂ ಉಳಿದಿಲ್ಲ. ಉಳಿದ ಮುಕ್ಕಾಲು ಗಂಟೆ ಇರುವುದು 6 ಗಂಟೆಯ ಟ್ಯೂಷನ್ನಿನಲ್ಲಿ. ಅದನ್ನು ಸಂಜೆಗೆ ಅಥವಾ ವಾರಾಂತ್ಯಕ್ಕೆ ಸರಿಸಬೇಕೇ ಎಂಬುದನ್ನು ಪೋಷಕರು ನಿರ್ಧರಿಸಬೇಕು.

ಹಾದಿ ಸರಿಯಿದೆಯೇ ಎಂದು ತಿಳಿಯಲು ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಎರಡು ವಾರ ಮೂರೇ ಸಂಗತಿ ಬರೆದಿಡಿ: ಹಾಸಿಗೆಗೆ ಹೋದದ್ದು, ಅಂದಾಜು ನಿದ್ದೆ ಹತ್ತಿದ್ದು, ಎದ್ದದ್ದು. ತಲೆದಿಂಬಿಗೆ ತಲೆ ತಗುಲಿದ ಕೂಡಲೇ ನಿದ್ದೆ ಬರುವುದನ್ನು ನಾವು ಪುಣ್ಯ ಎನ್ನುತ್ತೇವೆ. ವಾಸ್ತವದಲ್ಲಿ ಐದು ನಿಮಿಷದೊಳಗೆ ದಿನವೂ ನಿದ್ದೆ ಹತ್ತುತ್ತಿದ್ದರೆ ಕೊರತೆ ಇದೆ ಎಂದೇ ಅನುಮಾನಿಸಬೇಕು. ಹತ್ತರಿಂದ ಇಪ್ಪತ್ತು ನಿಮಿಷ ಹಿಡಿಯುವುದು ಸಹಜ.

ಮಲಗುವ ಹೊತ್ತನ್ನು ಸರಿಸಲಾಗದ ಮನೆಗಳೂ ಇವೆ. ಒಂದೇ ಕೋಣೆ, ಅಂಗಡಿ ಮುಚ್ಚಿ ಅಪ್ಪ ಬರುವುದು 10:30ಕ್ಕೆ, ಆಮೇಲೆ ಎಲ್ಲರ ಊಟ. ಕೆಲವು ವಸತಿ ಕಾಲೇಜುಗಳಲ್ಲಿ ರಾತ್ರಿ 10:30ರವರೆಗೆ ಓದಿನ ಹೊತ್ತು, ಬೆಳಿಗ್ಗೆ 5ಕ್ಕೆ ಗಂಟೆ. ಅಲ್ಲಿ ಮಧ್ಯಾಹ್ನದ ನಿದ್ದೆಯೇ ಗತಿ. ವಾರ್ಡನ್ನರು ಊಟದ ನಂತರ ಕಡ್ಡಾಯವಾಗಿ ಇಪ್ಪತ್ತು ನಿಮಿಷ ಮೌನ ಇಟ್ಟರೆ ಸಾಕು, ಆದರೆ ಎಲ್ಲರನ್ನೂ ಎಬ್ಬಿಸುವ ಗಂಟೆಯೂ ಅಷ್ಟೇ ಕಡ್ಡಾಯ. ಮಧ್ಯಾಹ್ನ 2ಕ್ಕೆ ಪರೀಕ್ಷೆ ಇದ್ದರೆ 12:45ರ ಸುಮಾರಿಗೆ ಜೊಂಪು ತೆಗೆದು, ಕನಿಷ್ಠ ಅರ್ಧ ಗಂಟೆ ಮುಂಚೆ ಎದ್ದಿರಬೇಕು.

ಎರಡು ವಾರ ರಾತ್ರಿ ಎಂಟು ಗಂಟೆ ಮಲಗಿಯೂ ಹಗಲು ನಿದ್ದೆ ಎಳೆಯುತ್ತಿದ್ದರೆ ಇದು ಸಮಯದ ಸಮಸ್ಯೆಯಲ್ಲ. ಹೆಣ್ಣುಮಕ್ಕಳಲ್ಲಿ ಮೊದಲು ಹಿಮೋಗ್ಲೋಬಿನ್ ನೋಡಿಸಿ, ರಕ್ತಹೀನತೆ ನಮ್ಮಲ್ಲಿ ಸಾಮಾನ್ಯ. ಥೈರಾಯ್ಡ್ ಪರೀಕ್ಷೆಯನ್ನೂ ವೈದ್ಯರು ಹೇಳಬಹುದು. ಮಗು ಗೊರಕೆ ಹೊಡೆಯುತ್ತಿದ್ದರೆ, ಬಾಯಿ ತೆರೆದು ಮಲಗುತ್ತಿದ್ದರೆ, ಟಾನ್ಸಿಲ್ ದೊಡ್ಡದಾಗಿ ಉಸಿರಿಗೆ ಅಡ್ಡವಾಗುತ್ತಿದೆಯೇ ಎಂದು ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ. ಹೋಗುವಾಗ ಆ ನೋಟ್‌ಬುಕ್ ಜೊತೆಗಿರಲಿ, ವೈದ್ಯರು ಮೊದಲು ಕೇಳುವ ಪ್ರಶ್ನೆಗಳ ಉತ್ತರ ಅದರಲ್ಲೇ ಇರುತ್ತದೆ.